ಸಿಡಿಯ ಟ್ರ್ಯಾಕ್‌ಗಳ ನಡುವಿನ ಅಂತರ ಅಳೆಯೋಣ: ಒಂದು ಲೇಸರ್ ಪಾಯಿಂಟರ್, ಒಂದು ಗೋಡೆ ಸಾಕು

ಸಿಡಿಯಲ್ಲಿ ಒಂದು ಸುತ್ತಿಗೂ ಪಕ್ಕದ ಸುತ್ತಿಗೂ ಎಷ್ಟು ಅಂತರ ಅಂತ ಯಾವ ಭೌತಶಾಸ್ತ್ರದ ಪುಸ್ತಕ ನೋಡಿದರೂ 1.6 ಮೈಕ್ರಾನ್ ಅಂತಲೇ ಇರುತ್ತದೆ. ಆದರೆ ನಿಮ್ಮ ಕಪಾಟಿನಲ್ಲಿರುವ ಸಿಡಿ ಆ ಪುಸ್ತಕದ ಮಾತು ಕೇಳಬೇಕು ಅಂತೇನಿಲ್ಲ. ಅದರ ಮೇಲೆ "700 ಎಂಬಿ" ಅಥವಾ "80 ನಿಮಿಷ" ಅಂತ ಬರೆದಿದ್ದರೆ ಅಂತರ ಸುಮಾರು 1.5 ಮೈಕ್ರಾನ್ ಇರುತ್ತದೆ. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. 1.6 ಮತ್ತು 1.5ರ ನಡುವಿನ ವ್ಯತ್ಯಾಸ ಅದರಲ್ಲೂ ಹತ್ತನೇ ಒಂದು. ಇಷ್ಟು ಸಣ್ಣ ವ್ಯತ್ಯಾಸವನ್ನು ಮನೆಯ ಗೋಡೆಯ ಮೇಲೆ ದರ್ಜಿಯ ಟೇಪಿನಲ್ಲಿ ಅಳೆಯಬಹುದು. ಅದು ಹೇಗೆ ಅಂತ ಇಲ್ಲಿ ಹೇಳುತ್ತೇನೆ.

ಮೊದಲು ಬಣ್ಣ ನೋಡಿ

ಸಿಡಿಯ ಹೊಳೆಯುವ ಮುಖವನ್ನು ಬಲ್ಬಿನ ಕಡೆ ಹಿಡಿದು ನಿಧಾನಕ್ಕೆ ವಾಲಿಸಿ. ಬಣ್ಣದ ಪಟ್ಟಿಗಳು ಮಧ್ಯದ ತೂತಿನಿಂದ ಅಂಚಿನ ಕಡೆಗೆ ಹೋಗುತ್ತವೆ. ಆ ಪ್ಲಾಸ್ಟಿಕ್ಕಿಗಾಗಲಿ ಅದರ ಹಿಂದಿನ ಅಲ್ಯೂಮಿನಿಯಂ ಪದರಕ್ಕಾಗಲಿ ಯಾವ ಬಣ್ಣವನ್ನೂ ಬಳಿದಿಲ್ಲ. ಅಲ್ಲಿರುವುದು ಒಳಗಿನಿಂದ ಹೊರಗೆ ಸುತ್ತುತ್ತಾ ಹೋಗುವ ಒಂದೇ ಒಂದು ಉದ್ದನೆಯ ಟ್ರ್ಯಾಕ್, ಅಷ್ಟೇ. ಅದರ ಸುತ್ತುಗಳು ಒಂದರ ಪಕ್ಕ ಒಂದು ಒತ್ತೊತ್ತಾಗಿ ಕೂತಿವೆ. ಒಂದೊಂದು ಸುತ್ತೂ ತನ್ನ ಮೇಲೆ ಬಿದ್ದ ಬೆಳಕನ್ನು ಎಲ್ಲ ಕಡೆಗೂ ಚೆದುರಿಸುತ್ತದೆ. ಪಕ್ಕಪಕ್ಕದ ಎರಡು ಸುತ್ತುಗಳಿಂದ ಒಂದೇ ದಿಕ್ಕಿಗೆ ಹೊರಟ ಬೆಳಕಿನಲ್ಲಿ ಒಂದು ಸ್ವಲ್ಪ ಜಾಸ್ತಿ ದೂರ ಹೋಗಬೇಕಾಗುತ್ತದೆ. ಆ ಹೆಚ್ಚಿನ ದೂರ ಸರಿಯಾಗಿ ಒಂದು ತರಂಗಾಂತರದಷ್ಟಿದ್ದರೆ ಎರಡೂ ಅಲೆಗಳ ಏರು ಏರಿಗೆ, ಇಳಿವು ಇಳಿವಿಗೆ ಕೂಡಿಕೊಂಡು ಆ ದಿಕ್ಕಿನಲ್ಲಿ ಬೆಳಕು ಜೋರಾಗುತ್ತದೆ. ಉಳಿದ ದಿಕ್ಕುಗಳಲ್ಲಿ ಸಾವಿರಾರು ಸುತ್ತುಗಳ ಬೆಳಕು ಒಂದನ್ನೊಂದು ಅಳಿಸಿಹಾಕುತ್ತದೆ.

ಕೆಂಪಿನ ತರಂಗಾಂತರ ದೊಡ್ಡದು, ನೇರಳೆಯದು ಚಿಕ್ಕದು. ಹಾಗಾಗಿ ಒಂದೊಂದು ಬಣ್ಣ ಒಂದೊಂದು ಕೋನದಲ್ಲಿ ಜೋರಾಗುತ್ತದೆ. ಪಟ್ಟಕದಲ್ಲಿ ನೇರಳೆ ಜಾಸ್ತಿ ಬಾಗುತ್ತದೆ, ಸಿಡಿಯಲ್ಲಿ ಅದರ ಉಲ್ಟಾ, ಕೆಂಪೇ ಜಾಸ್ತಿ ಬಾಗುತ್ತದೆ. ಸಂಜೆ ಹೊತ್ತಲ್ಲಿ ಸಿಎಫ್‌ಎಲ್ ಬಲ್ಬಿನ ಮುಂದೆ ಹಿಡಿದರೆ ಬಣ್ಣಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ಎಲ್‌ಇಡಿ ಬಲ್ಬಿನಲ್ಲಿ ಒಂದಕ್ಕೊಂದು ಹರಿದುಕೊಂಡಿರುತ್ತವೆ, ನೀಲಿ ಮತ್ತು ಹಸಿರಿನ ನಡುವೆ ಮಾತ್ರ ಸ್ವಲ್ಪ ಮಬ್ಬು. ಸೂರ್ಯನನ್ನು ಸಿಡಿಯಲ್ಲಿ ನೋಡಬೇಡಿ. ಅದು ಕನ್ನಡಿಯೂ ಹೌದು, ಬಿಸಿಲು ಸೀದಾ ಕಣ್ಣಿಗೆ ಬರುತ್ತದೆ.

ಬಿಳಿ ಬೆಳಕಿನಲ್ಲಿ ಅಳೆಯಲು ಹೋದರೆ ಎಲ್ಲಿ ಬಣ್ಣ ಶುರು, ಎಲ್ಲಿ ಮುಗಿಯಿತು ಅನ್ನುವುದೇ ತಕರಾರು. ಲೇಸರ್‌ನಲ್ಲಿ ಒಂದೇ ಬಣ್ಣ, ಹಾಗಾಗಿ ಪಟ್ಟಿಯ ಬದಲು ಚುಕ್ಕೆ ಸಿಗುತ್ತದೆ. ಚುಕ್ಕೆ ಎಲ್ಲಿದೆ ಅಂತ ಟೇಪು ಹಿಡಿದು ಹೇಳಬಹುದು.

ಬೇಕಾದ ಸಾಮಾನು

ಕೆಂಪು ಲೇಸರ್ ಪಾಯಿಂಟರ್. ಸಾಮಾನ್ಯವಾಗಿ ಸಿಗುವವು 650 ನ್ಯಾನೋಮೀಟರ್ ತರಂಗಾಂತರದವು, ಚೀಟಿಯಲ್ಲಿ ಹೆಚ್ಚಾಗಿ "630-680" ಅಂತ ಸಡಿಲವಾಗಿ ಹಾಕಿರುತ್ತಾರೆ. ಒಂದು ಸಿಡಿ, ಖಾಲಿ ಸಿಡಿ-ಆರ್ ಆದರೆ ಇನ್ನೂ ಒಳ್ಳೆಯದು. ಶೂ ಬಾಕ್ಸ್ ಥರದ ಒಂದು ಚೌಕ ಡಬ್ಬಿ, ಒಂದಷ್ಟು ಪುಸ್ತಕ, ರಬ್ಬರ್ ಬ್ಯಾಂಡ್, ಬಟ್ಟೆ ಒಣಹಾಕುವ ಕ್ಲಿಪ್, ಅಂಟು ಟೇಪು, ಅಳತೆ ಟೇಪು, ಪೆನ್ಸಿಲ್, ಒಂದು ತುಂಡು ಬಿಳಿ ರಟ್ಟು. ಜೊತೆಗೆ ಗೋಡೆಗೆ ತಾಗಿಸಿ ಇಡಬಹುದಾದ ಉದ್ದನೆಯ ಮೇಜು. ಅಂಥ ಮೇಜು ಇಲ್ಲದಿದ್ದರೆ ಒಂದೇ ಎತ್ತರದ ಎರಡು ಸ್ಟೂಲು.

ಖಾಲಿ ಸಿಡಿ-ಆರ್ ಯಾಕೆ? ಅದರಲ್ಲಿ ಬರೆಯುವ ಮೊದಲೇ, ಬರೆಯುವ ಲೇಸರ್‌ಗೆ ದಾರಿ ತೋರಿಸಲು, ಒಳಗಿನಿಂದ ಅಂಚಿನವರೆಗೂ ಗೀರು ಇರುತ್ತದೆ. ಅಂಗಡಿಯಲ್ಲಿ ಕೊಂಡ ಹಾಡಿನ ಸಿಡಿಯಲ್ಲಿ ಹಾಗಲ್ಲ. ಅದರಲ್ಲಿರುವುದು ಸಣ್ಣ ಸಣ್ಣ ಗುಳಿಗಳ ಸಾಲು. ಹಾಡು ಕಮ್ಮಿ ಇದ್ದರೆ ಹೊರಗಿನ ಭಾಗ ಬರೀ ಕನ್ನಡಿ, ಅಲ್ಲಿ ಲೇಸರ್ ಬಿಟ್ಟರೆ ಪಕ್ಕದ ಚುಕ್ಕೆಗಳೇ ಬರುವುದಿಲ್ಲ. ವಾಲಿಸಿ ನೋಡಿದರೆ ಬಣ್ಣ ಎಲ್ಲಿಗೆ ನಿಲ್ಲುತ್ತದೆ ಅಂತ ಉಂಗುರದಂತೆ ಕಾಣುತ್ತದೆ, ಅದರ ಒಳಗೇ ಲೇಸರ್ ಬೀಳಬೇಕು.

ಕಣ್ಣಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಸಿಡಿಯಿಂದ ವಾಪಸ್ ಬರುವ ಬೆಳಕು ಲೇಸರ್‌ನಷ್ಟೇ ಅಪಾಯ. ಎಲ್ಲವನ್ನೂ ಜೋಡಿಸಿದ ಮೇಲೆ ಮಾತ್ರ ಗುಂಡಿ ಒತ್ತಿ. ಲೇಸರ್ ಇರುವ ಎತ್ತರಕ್ಕೆ ಕಣ್ಣು ತರಬೇಡಿ, ಅಂದರೆ ನಿಂತೇ ಕೆಲಸ ಮಾಡಿ, ಗೋಡೆಯನ್ನಷ್ಟೇ ನೋಡಿ. ಮೇಜಿನ ಎತ್ತರಕ್ಕೆ ಮುಖ ಬರುವಷ್ಟು ಚಿಕ್ಕ ಮಕ್ಕಳಿದ್ದರೆ ಆಚೆ ಕಳಿಸಿ. ಅಗ್ಗದ ಹಸಿರು ಪಾಯಿಂಟರ್‌ಗಳ ಶಕ್ತಿ ಎಷ್ಟೋ ಸಲ ಚೀಟಿಯಲ್ಲಿ ಬರೆದದ್ದಕ್ಕಿಂತ ಜಾಸ್ತಿ ಇರುತ್ತದೆ, ಅದರ ಸಹವಾಸ ಬೇಡ.

ಜೋಡಿಸುವುದು

ಮೇಜನ್ನು ಗೋಡೆಗೆ ಒತ್ತಿಡಿ. ಗೋಡೆಯ ಪಕ್ಕದಲ್ಲೇ ಒಂದು ಗೇಣು ಎತ್ತರಕ್ಕೆ ಪುಸ್ತಕ ಜೋಡಿಸಿ, ಅದರ ಮೇಲೆ ಪಾಯಿಂಟರ್ ಮಲಗಿಸಿ. ಅದರ ಹಿಂಭಾಗ ಗೋಡೆಗೆ ತಾಗಿರಲಿ, ಮೂತಿ ನಿಮ್ಮ ಕಡೆ. ಹೌದು, ಲೇಸರ್ ಗೋಡೆಯಿಂದ ಈಚೆಗೆ ಹೊಡೆಯಬೇಕು, ಗೋಡೆಯ ಮೇಲಲ್ಲ. ಅಂಟು ಟೇಪಿನಿಂದ ಅಲುಗಾಡದಂತೆ ಬಿಗಿಯಿರಿ. ಬಿಳಿ ರಟ್ಟಿನಲ್ಲಿ ಒಂದು ತೂತು ಮಾಡಿ ಪಾಯಿಂಟರ್ ಮೂತಿಗೆ ಸಿಕ್ಕಿಸಿ.

ಗೋಡೆಯಿಂದ ಸರಿಯಾಗಿ 100 ಸೆಂಟಿಮೀಟರ್ ದೂರಕ್ಕೆ ಡಬ್ಬಿ ಇಡಿ. ಒಳಗೆ ನೀರಿನ ಬಾಟಲಿ ಇಟ್ಟರೆ ಅದು ಜರುಗುವುದಿಲ್ಲ. ಡಬ್ಬಿಯ ಮುಖಕ್ಕೆ ಸಿಡಿಯನ್ನು, ಹೊಳೆಯುವ ಬದಿ ಗೋಡೆಗೆ ಕಾಣುವಂತೆ, ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿ. ಅಳೆಯಬೇಕಾದ್ದು ಗೋಡೆಯಿಂದ ಸಿಡಿಯವರೆಗಿನ ದೂರ, ಪಾಯಿಂಟರ್ ಮೂತಿಯಿಂದ ಅಲ್ಲ. ತಪ್ಪುವುದು ಇಲ್ಲೇ ಜಾಸ್ತಿ, ಯಾಕೆಂದರೆ ಬೆಳಕು ಹೊರಡುವ ಜಾಗದಿಂದ ಅಳೆಯಬೇಕು ಅಂತ ಮನಸ್ಸಿಗೆ ಬರುತ್ತದೆ. ನಮಗೆ ಬೇಕಾದದ್ದು ಬೆಳಕು ಬಾಗಿದ ಜಾಗದಿಂದ ಚುಕ್ಕೆ ಬೀಳುವ ಗೋಡೆಗೆ ಎಷ್ಟು ದೂರ ಅನ್ನುವುದು. ಪಾಯಿಂಟರ್ ಎಷ್ಟು ಉದ್ದ ಇದ್ದರೂ ಲೆಕ್ಕಕ್ಕಿಲ್ಲ.

ಈಗ ಲೇಸರ್ ಸಿಡಿಯ ಯಾವ ಜಾಗಕ್ಕೆ ಬೀಳಬೇಕು? ಚುಕ್ಕೆಗಳು ಯಾವಾಗಲೂ ಟ್ರ್ಯಾಕಿಗೆ ಅಡ್ಡಲಾಗಿ ಹರಡುತ್ತವೆ. ಮಧ್ಯದ ತೂತಿನ ಎಡಕ್ಕೋ ಬಲಕ್ಕೋ, ಅದೇ ಎತ್ತರದಲ್ಲಿ ಲೇಸರ್ ಬಿದ್ದರೆ ಅಲ್ಲಿ ಟ್ರ್ಯಾಕ್ ಮೇಲೆ-ಕೆಳಗೆ ನಿಂತಿರುತ್ತದೆ, ಹಾಗಾಗಿ ಚುಕ್ಕೆಗಳು ಗೋಡೆಯ ಮೇಲೆ ಎಡ-ಬಲಕ್ಕೆ ಬೀಳುತ್ತವೆ. ತೂತಿಗಿಂತ ಮೇಲ್ಗಡೆ ಬಿದ್ದರೆ ಒಂದು ಚುಕ್ಕೆ ಮೇಲಕ್ಕೆ, ಇನ್ನೊಂದು ಮೇಜಿನ ಮೇಲೆ. ಚುಕ್ಕೆಗಳ ಸಾಲು ಓರೆಯಾಗಿದ್ದರೆ ಲೇಸರ್ ತೂತಿನ ಎತ್ತರಕ್ಕಿಲ್ಲ ಅಂತ ಅರ್ಥ. ಸಿಡಿಯನ್ನು ಸ್ವಲ್ಪ ಮೇಲೆ ಕೆಳಗೆ ಸರಿಸಿ.

ಕ್ಲಿಪ್ಪಿನಿಂದ ಗುಂಡಿ ಒತ್ತಿಹಿಡಿಯಿರಿ. ಕೋಣೆ ಪೂರ್ತಿ ಕತ್ತಲಾಗಬೇಕಿಲ್ಲ, ಕಿಟಕಿ ಪರದೆ ಎಳೆದರೆ ಸಾಕು. ಸಿಡಿಯಿಂದ ಸೀದಾ ವಾಪಸ್ ಬರುವ ಮಧ್ಯದ ಚುಕ್ಕೆ ಬಿಳಿ ರಟ್ಟಿನ ಮೇಲೆ ಕಾಣಬೇಕು. ಡಬ್ಬಿಯನ್ನು ಕೂದಲೆಳೆಯಷ್ಟು ತಿರುಗಿಸಿ, ಬೇಕಾದರೆ ಅದರಡಿ ಮಡಿಸಿದ ಕಾಗದ ಸೇರಿಸಿ, ಆ ಚುಕ್ಕೆ ತೂತಿನ ಅಂಚಿಗೆ ಬರುವ ಹಾಗೆ ಮಾಡಿ. ಒಂದು ಸೆಂಟಿಮೀಟರ್ ಆಚೀಚೆ ಇದ್ದರೆ ತೊಂದರೆ ಇಲ್ಲ. ಬೆಳಕು ಹೋದ ದಾರಿಯಲ್ಲೇ ವಾಪಸ್ ಬಂದರೆ ಸಿಡಿ ಲೇಸರ್‌ಗೆ ನೇರವಾಗಿದೆ ಅಂತ. ಇದಕ್ಕೋಸ್ಕರವೇ ಪಾಯಿಂಟರನ್ನು ಗೋಡೆಯ ಹತ್ತಿರ ಇಟ್ಟದ್ದು, ಇದಕ್ಕಿಂತ ಸುಲಭದ ಪರೀಕ್ಷೆ ಇನ್ನೊಂದಿಲ್ಲ.

ಗೋಡೆಯ ಮೇಲೆ ಏನು ಕಾಣುತ್ತದೆ

ಪಾಯಿಂಟರ್‌ನ ಎಡಕ್ಕೆ ಸುಮಾರು ಅರ್ಧ ಮೀಟರ್ ದೂರದಲ್ಲಿ ಒಂದು, ಬಲಕ್ಕೆ ಅಷ್ಟೇ ದೂರದಲ್ಲಿ ಇನ್ನೊಂದು ಚುಕ್ಕೆ. ಚುಕ್ಕೆ ಅಂದೆ, ಆದರೆ ಹತ್ತಿರ ಹೋಗಿ ನೋಡಿದರೆ ಅದು ದುಂಡಗಿರುವುದಿಲ್ಲ. ಎರಡು-ಮೂರು ಸೆಂಟಿಮೀಟರ್ ಉದ್ದದ, ನಿಂತ ಗೆರೆಯಂತಿರುತ್ತದೆ. ಪಾಯಿಂಟರ್ ಕೆಟ್ಟಿದೆ ಅಂದುಕೊಳ್ಳಬೇಡಿ. ಟ್ರ್ಯಾಕ್ ನೇರ ಗೆರೆ ಅಲ್ಲ, ವೃತ್ತದ ತುಂಡು. ಲೇಸರ್‌ನ ಮೂರು ಮಿಲಿಮೀಟರ್ ಎತ್ತರದ ಮಚ್ಚೆಯಲ್ಲಿ ಮೇಲ್ತುದಿಯ ಟ್ರ್ಯಾಕ್ ಒಂದು ಕಡೆ ವಾಲಿದ್ದರೆ ಕೆಳತುದಿಯದು ಇನ್ನೊಂದು ಕಡೆ ವಾಲಿರುತ್ತದೆ, ಹಾಗಾಗಿ ಬೆಳಕೂ ಮೇಲೆ-ಕೆಳಗೆ ಎಳೆದುಕೊಳ್ಳುತ್ತದೆ. ಅಂಚಿನ ಹತ್ತಿರ ಲೇಸರ್ ಬಿಟ್ಟರೆ ಬಾಗು ಕಮ್ಮಿ, ಗೆರೆಯೂ ಗಿಡ್ಡ. ಒಳಗೆ ತೂತಿನ ಹತ್ತಿರ ಬಿಟ್ಟರೆ ಇನ್ನೂ ಉದ್ದವಾಗುತ್ತದೆ. ಎರಡೂ ಮಾಡಿ ನೋಡಿ, ಸಿಡಿ ಅಲುಗಿದ್ದನ್ನು ಸರಿ ಮಾಡಿಕೊಂಡು. ಗೆರೆ ಎಷ್ಟೇ ಉದ್ದ ಇರಲಿ, ಅದರ ಮಧ್ಯಕ್ಕೆ ಪೆನ್ಸಿಲ್ ಗುರುತು ಹಾಕಿ.

ಹಾಡಿನ ಸಿಡಿಯಾದರೆ ಇದರ ಜೊತೆಗೆ ಸುತ್ತಲೂ ಮಸುಕಾದ ಕೆಂಪು ಚೆಲ್ಲಾಡಿರುತ್ತದೆ. ಗುಳಿಗಳ ಉದ್ದ ಒಂದೇ ಸಮ ಇಲ್ಲದಿರುವುದರಿಂದ ಅದು. ಅದನ್ನು ಬಿಟ್ಟುಬಿಡಿ.

ಇನ್ನು ಗೋಡೆಯಲ್ಲಿ ಎಡ ಗುರುತಿನಿಂದ ಬಲ ಗುರುತಿನವರೆಗೆ ಒಂದೇ ಸಲ ಅಳೆದು ಅರ್ಧ ಮಾಡಿ. ಪಾಯಿಂಟರ್‌ನಿಂದ ಒಂದೊಂದು ಕಡೆಗೂ ಬೇರೆ ಬೇರೆ ಅಳೆಯುವುದಕ್ಕಿಂತ ಇದು ಒಳ್ಳೆಯದು, ಸಿಡಿ ಚೂರು ತಿರುಗಿದ್ದರೆ ಒಂದು ಕಡೆ ಜಾಸ್ತಿಯಾದದ್ದು ಇನ್ನೊಂದು ಕಡೆ ಕಮ್ಮಿಯಾಗಿ ಹೆಚ್ಚೂಕಮ್ಮಿ ಸರಿಹೋಗುತ್ತದೆ. ಆದರೂ ಎರಡು ಕಡೆಗೂ ಮೂರು-ನಾಲ್ಕು ಸೆಂಟಿಮೀಟರ್ ವ್ಯತ್ಯಾಸ ಕಂಡರೆ ಡಬ್ಬಿಯನ್ನು ಮತ್ತೆ ಸರಿಮಾಡಿ.

ಲೆಕ್ಕ

ಸೂತ್ರ ಇಷ್ಟೇ:

```
d = λ × √(L² + x²) / x
```

L ಗೋಡೆಯಿಂದ ಸಿಡಿಗೆ ಇರುವ ದೂರ. x ಎರಡು ಚುಕ್ಕೆಗಳ ನಡುವಿನ ದೂರದ ಅರ್ಧ. λ ಲೇಸರ್‌ನ ತರಂಗಾಂತರ. d ನಮಗೆ ಬೇಕಾದ ಅಂತರ. ಪುಸ್ತಕದಲ್ಲಿ d sin θ = λ ಅಂತ ಇರುವುದೂ ಇದೇ, ಕೋನ ಅಳೆಯುವ ಗೋಜು ಬೇಡ ಅಂತ ಸೈನ್ ಬದಲು ಉದ್ದಗಳನ್ನೇ ಹಾಕಿದ್ದೇನೆ.

80 ನಿಮಿಷದ ಸಿಡಿ-ಆರ್ ಒಂದನ್ನು ತೆಗೆದುಕೊಳ್ಳೋಣ. L 100 ಸೆಂಟಿಮೀಟರ್, ಚುಕ್ಕೆಯಿಂದ ಚುಕ್ಕೆಗೆ 96.2 ಸೆಂಟಿಮೀಟರ್ ಬಂತು ಅಂದುಕೊಳ್ಳಿ. ಅರ್ಧ 48.1. ಇದರ ವರ್ಗ ಸುಮಾರು 2314, ಅದಕ್ಕೆ ನೂರರ ವರ್ಗ 10000 ಸೇರಿಸಿದರೆ 12314. ವರ್ಗಮೂಲ 110.97. ಇದನ್ನು 48.1ರಿಂದ ಭಾಗಿಸಿದರೆ 2.307. 650 ನ್ಯಾನೋಮೀಟರಿನಿಂದ ಗುಣಿಸಿ: 1500 ನ್ಯಾನೋಮೀಟರ್, ಅಂದರೆ 1.5 ಮೈಕ್ರಾನ್.

ಅಂತರ 1.6 ಮೈಕ್ರಾನ್ ಇರುವ ಸಿಡಿಯಾದರೆ ಅದೇ ಲೇಸರ್, ಅದೇ ದೂರಕ್ಕೆ ಚುಕ್ಕೆಗಳ ನಡುವೆ ಸುಮಾರು 89 ಸೆಂಟಿಮೀಟರ್ ಮಾತ್ರ ಬರುತ್ತದೆ. ಏಳು ಸೆಂಟಿಮೀಟರ್ ವ್ಯತ್ಯಾಸ! ಅದು ಬರಿಗಣ್ಣಿಗೇ ಕಾಣುತ್ತದೆ.

ವರ್ಗಮೂಲ ಯಾಕೆ, ಸುಮ್ನೆ L ಅನ್ನು xನಿಂದ ಭಾಗಿಸಿದರೆ ಆಗಲ್ವಾ ಅಂತ ಕೇಳಬಹುದು. ಕೋನ ಐದಾರು ಡಿಗ್ರಿ ಇದ್ದರೆ ನಡೆಯುತ್ತಿತ್ತು. ಇಲ್ಲಿ ಅದು 25 ಡಿಗ್ರಿಗೂ ಜಾಸ್ತಿ. ಹಾಗೆ ಮಾಡಿದರೆ 1.35 ಮೈಕ್ರಾನ್ ಬರುತ್ತದೆ. ನಿಮ್ಮ ಉತ್ತರ 1.35ರ ಹತ್ತಿರ ಬಂದಿದ್ದರೆ ಟೇಪನ್ನು ಬೈಯುವ ಮೊದಲು ಈ ಹೆಜ್ಜೆ ನೋಡಿಕೊಳ್ಳಿ. 1.35ಕ್ಕಿಂತ ಇನ್ನೂ ಕೆಳಗೆ ಹೋಗಿದ್ದರೆ ಬಹುಶಃ ಪಾಯಿಂಟರ್ ಮೂತಿಯಿಂದಲೂ ಅಳೆದಿದ್ದೀರಿ.

ಉತ್ತರವನ್ನು ಎಷ್ಟು ನಂಬಬಹುದು

ಅಳತೆಯಲ್ಲಿ ದೂರ ಒಂದು ಸೆಂಟಿಮೀಟರ್ ತಪ್ಪಿದರೂ ಉತ್ತರ ಶೇಕಡ ಒಂದರಷ್ಟೂ ಬದಲಾಗುವುದಿಲ್ಲ, 1.50 ಇದ್ದದ್ದು 1.51 ಆಗಬಹುದು ಅಷ್ಟೇ. ದೊಡ್ಡ ಅನುಮಾನ ಇರುವುದು ಲೇಸರ್‌ನ ಮೇಲೆ. ನಿಮ್ಮ ಪಾಯಿಂಟರ್ 650ರ ಬದಲು 670ರದ್ದಾಗಿದ್ದು ನೀವು 650 ಅಂತಲೇ ಹಾಕಿದರೆ, ಉತ್ತರ ಶೇಕಡ ಮೂರರಷ್ಟು ಕಮ್ಮಿ ಬರುತ್ತದೆ. 1.5 ಮತ್ತು 1.6ರ ನಡುವಿನ ಅರ್ಧದಷ್ಟು ಜಗಳ ಅಲ್ಲೇ ಮುಗಿದುಹೋಯಿತು, ಅಲ್ವಾ.

ಇದಕ್ಕೆ ಎರಡು ದಾರಿ. ಪಿಯು ಅಥವಾ ಡಿಗ್ರಿ ಕಾಲೇಜಿನ ಲ್ಯಾಬ್‌ ನಿಮಗೆ ಸಿಗುವಂತಿದ್ದರೆ ಅಲ್ಲಿಯ ಗ್ರೇಟಿಂಗ್, ಅಂದರೆ ಒತ್ತೊತ್ತಾಗಿ ಗೆರೆ ಎಳೆದ ಪಾರದರ್ಶಕ ಫಲಕ, ಬಳಸಿ ಮೊದಲು ಲೇಸರ್‌ನ ತರಂಗಾಂತರವನ್ನೇ ಅಳೆಯಿರಿ. ನಮ್ಮ ಲ್ಯಾಬ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಇಂಚಿಗೆ 15,000 ಗೆರೆಗಳ ಗ್ರೇಟಿಂಗ್, ಅಂದರೆ ಗೆರೆಯಿಂದ ಗೆರೆಗೆ 1.693 ಮೈಕ್ರಾನ್. ಅದನ್ನು ಗೋಡೆಯಿಂದ ಒಂದು ಮೀಟರಿಗೆ ಇಟ್ಟು, ಲೇಸರನ್ನು ಈಚೆಯಿಂದ ಅದರ ಮೂಲಕ ಗೋಡೆಗೆ ಬಿಡಿ. ಲೇಸರ್ ನಿಜವಾಗಿ 650 ಆಗಿದ್ದರೆ ಮಧ್ಯದ ಚುಕ್ಕೆಯಿಂದ 41.6 ಸೆಂಟಿಮೀಟರಿಗೆ ಪಕ್ಕದ ಚುಕ್ಕೆ ಬೀಳಬೇಕು. ಬೇರೆ ಬಂದರೆ ಅದೇ ಸೂತ್ರವನ್ನು ತಿರುಗಿಸಿ λ ತೆಗೆಯಿರಿ.

ಎರಡನೆಯ ದಾರಿ ಲೇಸರ್ ಇಲ್ಲದೆಯೇ ಹೋಗುತ್ತದೆ, ನನಗೆ ಇದೇ ಜಾಸ್ತಿ ಇಷ್ಟ. ಸಿಡಿಯಲ್ಲಿ ಮಾಹಿತಿ ಇರುವ ಜಾಗ ಮಧ್ಯದಿಂದ 25 ಮಿಲಿಮೀಟರಿಗೆ ಶುರುವಾಗಿ 58 ಮಿಲಿಮೀಟರಿಗೆ ಮುಗಿಯುತ್ತದೆ. ಆ ಉಂಗುರದ ವಿಸ್ತೀರ್ಣ ಸುಮಾರು 8600 ಚದರ ಮಿಲಿಮೀಟರ್. ಟ್ರ್ಯಾಕಿನ ಉದ್ದವನ್ನು ಸುತ್ತುಗಳ ಅಂತರದಿಂದ ಗುಣಿಸಿದರೆ ಇದೇ ವಿಸ್ತೀರ್ಣ ಬರಬೇಕು. ಉದ್ದ ಎಷ್ಟು? ಹಾಡು ನುಡಿಸುವಾಗ ಟ್ರ್ಯಾಕ್ ಓದುವ ಲೇಸರ್‌ನ ಕೆಳಗೆ ಸೆಕೆಂಡಿಗೆ 1.2ರಿಂದ 1.4 ಮೀಟರ್ ವೇಗದಲ್ಲಿ ಹೋಗುತ್ತದೆ. ಆದಷ್ಟೂ ಜಾಸ್ತಿ ತುಂಬಬೇಕು ಅಂದರೆ ಕಮ್ಮಿ ವೇಗ, 1.2. 74 ನಿಮಿಷದ ಸಿಡಿಗೆ 4440 ಸೆಕೆಂಡ್, ಅಂದರೆ 5328 ಮೀಟರ್, ಐದು ಕಿಲೋಮೀಟರಿಗೂ ಜಾಸ್ತಿ ಟ್ರ್ಯಾಕ್. 8600 ಚದರ ಮಿಲಿಮೀಟರನ್ನು ಇದರಿಂದ ಭಾಗಿಸಿದರೆ 1.6 ಮೈಕ್ರಾನ್. 80 ನಿಮಿಷ ಅಂದರೆ 4800 ಸೆಕೆಂಡ್, 5760 ಮೀಟರ್. ಜಾಗ ಅಷ್ಟೇ ಇರುವುದರಿಂದ ಸುತ್ತುಗಳು ಇನ್ನಷ್ಟು ಒತ್ತಿಕೊಳ್ಳಬೇಕು: 1.49 ಮೈಕ್ರಾನ್. ಸಿಡಿಯ ನಿಯಮದಲ್ಲೇ 1.6ರಿಂದ 0.1 ಆಚೀಚೆ ಆಗಬಹುದು ಅಂತ ಇದೆ, ಆ ಸಡಿಲಿಕೆಯನ್ನು ತುದಿಯವರೆಗೆ ಬಳಸಿಕೊಂಡು ಆರು ನಿಮಿಷ ಜಾಸ್ತಿ ತುರುಕಿದ್ದಾರೆ.

ಕೈಯಲ್ಲಿ 650 ಎಂಬಿ ಅಥವಾ 74 ನಿಮಿಷ ಅಂತ ಬರೆದ ಹಳೆಯ ಸಿಡಿ-ಆರ್ ಕೂಡ ಇದ್ದರೆ ಎರಡನ್ನೂ ಒಂದೇ ಡಬ್ಬಿಗೆ ಒಂದಾದ ಮೇಲೊಂದು ಕಟ್ಟಿ ಗುರುತು ಹಾಕಿ. ಆಗ ಲೇಸರ್ 650ರದ್ದೋ 670ರದ್ದೋ ಅನ್ನುವ ಚಿಂತೆಯೇ ಇಲ್ಲ, 700 ಎಂಬಿಯ ಚುಕ್ಕೆಗಳು ಹೊರಗೆ ಬೀಳುತ್ತವೆ.

ಎರಡನೇ ಚುಕ್ಕೆ, ಆಮೇಲೆ ಡಿವಿಡಿ

ಡಬ್ಬಿಯನ್ನು ಗೋಡೆಯಿಂದ 50 ಸೆಂಟಿಮೀಟರಿಗೆ ತನ್ನಿ. ಮೊದಲ ಚುಕ್ಕೆಗಳು 24 ಸೆಂಟಿಮೀಟರಿಗೆ ಬರುತ್ತವೆ, ಅವುಗಳ ಆಚೆ ತುಂಬಾ ದೂರದಲ್ಲಿ, ಸುಮಾರು 87 ಸೆಂಟಿಮೀಟರಿಗೆ, ಇನ್ನೊಂದು ಜೋಡಿ ಕಾಣಬೇಕು. ಅದು ಮಬ್ಬಾಗಿ, ಅಡ್ಡಕ್ಕೂ ಎಳೆದುಕೊಂಡಿರುತ್ತದೆ, ಯಾಕೆಂದರೆ ಬೆಳಕು ಗೋಡೆಗೆ ತುಂಬಾ ಓರೆಯಾಗಿ ಬೀಳುತ್ತದೆ. ಇಲ್ಲಿ ಪಕ್ಕದ ಸುತ್ತುಗಳ ದಾರಿಯಲ್ಲಿ ಎರಡು ತರಂಗಾಂತರದ ವ್ಯತ್ಯಾಸ, ಹಾಗಾಗಿ ಸೂತ್ರದಲ್ಲಿ λ ಜಾಗಕ್ಕೆ 1300 ಹಾಕಿ. ಮತ್ತೆ 1.5 ಬಂದರೆ ಅಳತೆ ಸರಿಯಾಗಿದೆ. ಮೂರನೇ ಜೋಡಿ ಹುಡುಕಬೇಡಿ. ಮೂರು ತರಂಗಾಂತರ ಅಂದರೆ 1950 ನ್ಯಾನೋಮೀಟರ್, ಅದು ಸುತ್ತುಗಳ ಅಂತರಕ್ಕಿಂತಲೇ ದೊಡ್ಡದು, ಅಷ್ಟು ವ್ಯತ್ಯಾಸ ಯಾವ ಕೋನದಲ್ಲೂ ಸಿಗುವುದಿಲ್ಲ.

ಡಿವಿಡಿಯಲ್ಲಿ ಅಂತರ 0.74 ಮೈಕ್ರಾನ್. ಅದನ್ನು 25 ಸೆಂಟಿಮೀಟರಿಗೆ ಇಟ್ಟರೆ ಒಂದೊಂದು ಕಡೆಗೆ 46 ಸೆಂಟಿಮೀಟರಿನ ಸುತ್ತಮುತ್ತ ಒಂದೇ ಒಂದು ಚುಕ್ಕೆ, ಎರಡನೆಯದಕ್ಕೆ ಅಲ್ಲಿ ಅವಕಾಶ ಇಲ್ಲ. ಬ್ಲೂ-ರೇ ಡಿಸ್ಕ್‌ನಲ್ಲಿ ಅಂತರ 0.32 ಮೈಕ್ರಾನ್, ಅಂದರೆ ಕೆಂಪು ಬೆಳಕಿನ ತರಂಗಾಂತರದ ಅರ್ಧಕ್ಕಿಂತ ಕಮ್ಮಿ. ಲೇಸರನ್ನು ನೇರ ಬಿಡಿ, ಓರೆ ಬಿಡಿ, ಡಿಸ್ಕ್ ಹೇಗೆ ಬೇಕಾದರೂ ತಿರುಗಿಸಿ, ಕೆಂಪು ಪಾಯಿಂಟರ್‌ಗೆ ಅದು ಬರೀ ಕನ್ನಡಿ. ಮಧ್ಯದ ಚುಕ್ಕೆ ಒಂದೇ ವಾಪಸ್ ಬರುತ್ತದೆ.